ಏಳು ಕಿಲೋದಲ್ಲಿ ಬ್ಯಾಗೇ ಮೂರು ಕಿಲೋ ನುಂಗಿದರೆ?

ಬೆಂಗಳೂರಿಂದ ಮುಂಬೈಗೆ ಎರಡು ದಿನದ ಮದುವೆಗೆ ಕ್ಯಾಬಿನ್ ಬ್ಯಾಗ್ ಒಂದರಲ್ಲೇ ಹೋಗುವವರು ಬಟ್ಟೆ ತೆಗೆದಿಡುವ ಮೊದಲು ಖಾಲಿ ಬ್ಯಾಗನ್ನು ತೂಗಿ. ನಮ್ಮ ದೇಶೀಯ ವಿಮಾನಗಳಲ್ಲಿ ಎಕಾನಮಿಗೆ ಸಾಮಾನ್ಯವಾಗಿ 7 ಕಿಲೋ ಮಿತಿ, ಅದರಲ್ಲಿ ಬ್ಯಾಗಿನ ತೂಕವೂ ಸೇರಿದೆ. ಚಕ್ರದ ಗಟ್ಟಿ ಟ್ರಾಲಿ 2.8 ಕಿಲೋ ಇದ್ದರೆ ನಿಮಗೆ ಉಳಿಯುವುದು 4.2 ಮಾತ್ರ. 900 ಗ್ರಾಂನ ಬ್ಯಾಕ್‌ಪ್ಯಾಕ್ ಆದರೆ 6.1.

ಆಮೇಲೆ ಒಂದೊಂದನ್ನೇ ಅಡುಗೆಮನೆ ತಕ್ಕಡಿ ಮೇಲಿಡಿ. ರೇಷ್ಮೆ ಸೀರೆ 700 ಗ್ರಾಂ ಬಂದರೆ ಬರಲಿ, ಅದಕ್ಕಾಗಿಯೇ ತಾನೆ ಹೊರಟಿರುವುದು! ಬಿಡಬೇಕಾದದ್ದು ಅರ್ಧ ಕಿಲೋದ ಟರ್ಕಿ ಟವೆಲ್, ಎರಡನೇ ಜೊತೆ ಶೂ, ತುಂಬಿದ ಶಾಂಪೂ ಬಾಟಲಿ. ಜೀನ್ಸ್, ಶೂ ಹಾಕಿಕೊಂಡೇ ಹೊರಡಿ, ಚಪ್ಪಲಿ ಬ್ಯಾಗಲ್ಲಿರಲಿ. ಪವರ್‌ಬ್ಯಾಂಕ್ ಮಾತ್ರ ಬ್ಯಾಗಲ್ಲಿ ಮೇಲೆಯೇ ಇಟ್ಟುಕೊಳ್ಳಿ. ತೂಕ ಹೆಚ್ಚಾಗಿ ಬ್ಯಾಗನ್ನು ಚೆಕ್-ಇನ್‌ಗೆ ಹಾಕಬೇಕಾಗಿ ಬಂದರೆ ಅದನ್ನು ತೆಗೆದು ಕೈಲೇ ಹಿಡಿದುಕೊಳ್ಳಬೇಕು.

ಲ್ಯಾಪ್‌ಟಾಪ್ ಅಥವಾ ಹ್ಯಾಂಡ್‌ಬ್ಯಾಗಿಗೆ ಹಲವು ಕಂಪನಿಗಳು ಬೇರೆ ಲೆಕ್ಕ ಕೊಡುತ್ತವೆ, ಕೆಲವು ಎರಡನ್ನೂ ಸೇರಿಸಿಯೇ ತೂಗುತ್ತವೆ. ಟಿಕೆಟ್‌ನಲ್ಲಿ ಅದನ್ನು ನೋಡಿಕೊಳ್ಳಿ. ಕೊನೆಗೆ 6.5ಕ್ಕೇ ನಿಲ್ಲಿಸಿ, ಬರುವಾಗ ತಾಂಬೂಲದ ಚೀಲ ಇದ್ದೇ ಇರುತ್ತೆ. ಅದರಲ್ಲಿ ಕೊಬ್ಬರಿ ಇದ್ದರೆ ಅಲ್ಲೇ ಯಾರಿಗಾದರೂ ಕೊಟ್ಟುಬಿಡಿ, ಸೆಕ್ಯುರಿಟಿಯಲ್ಲಿ ಬಿಡುವುದಿಲ್ಲ.