ಈ ಮತ್ತು ಈರ್: ನಮ್ಮೂರಿನ ಮಾತನ್ನು ಕತೆಗೆ ತಂದ ಬಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಹವ್ಯಕರ ತೋಟದ ಮನೆಯಲ್ಲಿ ಒಂದು ದಿನಕ್ಕೆ ಮೂರು ಭಾಷೆ ಓಡುತ್ತದೆ. ಮನೆಯೊಳಗೆ ಹವ್ಯಕ ಕನ್ನಡ, ಅಂಗಳದಲ್ಲಿ ಕೆಲಸದವರ ಹತ್ತಿರ ತುಳು, ಪೇಟೆಗೆ ಹೋದರೆ ಮಲಯಾಳ. ಹಾಗಾಗಿ ಇಲ್ಲಿನ ಸಂಭಾಷಣೆ ಬರೆಯುವಾಗ ನಾನು ಮೊದಲು ನೋಡುವುದು ಉಚ್ಚಾರ ಅಲ್ಲ. ಯಾರು ಯಾರ ಹತ್ತಿರ ಯಾವ ಭಾಷೆ ಆಡುತ್ತಾರೆ ಅಂತ.

ನನ್ನ ಒಂದು ಕತೆಯಲ್ಲಿ ಅಜ್ಜ, ಮೊಮ್ಮಗ, ಅಡಿಕೆ ಮರ ಹತ್ತುವ ನಡುವಯಸ್ಸಿನ ಒಬ್ಬರು ಇದ್ದಾರೆ. ಮಳೆ ಸ್ವಲ್ಪ ಬಿಟ್ಟಿದೆ, ಕೊಳೆರೋಗಕ್ಕೆ ಮದ್ದು ಬಿಡಬೇಕು. ಆದರೆ ಮರ ಹತ್ತುವವರು ತಾವು ನಾಳೆ ಬರುವುದಿಲ್ಲ ಅಂತ ಹೇಳಬೇಕು. ಸುಲಭದ ದಾರಿ ಏನು ಗೊತ್ತಾ? ಅಜ್ಜನ ಮಾತನ್ನು ಶುದ್ಧವಾಗಿ ಬರೆದು, ಮರ ಹತ್ತುವವರ ಬಾಯಿಗೆ ಮುರಿದ ಕನ್ನಡ ತುಂಬುವುದು. ಇದು ನನಗೆ ಸಹಿಸಲಿಕ್ಕೆ ಆಗುವುದಿಲ್ಲ. ಅವರ ತುಳು ಎಲ್ಲೂ ಮುರಿದಿಲ್ಲ. ಅದಕ್ಕೇ ಮೊದಲ ಮಾತನ್ನು ತುಳುವಿನಲ್ಲೇ ಇಟ್ಟೆ:

"ಎಲ್ಲೆ ಬರ್ಪುಜಿ ಅಣ್ಣೆರೆ."

ಅರ್ಥವನ್ನು ಮುಂದಿನ ಸಾಲು ಹೊರುತ್ತದೆ. ಅಜ್ಜ ಒಳಗೆ ತಿರುಗಿ ಮೊಮ್ಮಗನಿಗೆ ಹೇಳುತ್ತಾರೆ: "ನಾಳೆ ಬತ್ತನಿಲ್ಲೆ ಅಡ. ಮದ್ದು ಬಿಡ್ಲೆ ಆರಿದ್ದವು?" ಆಮೇಲೆ ಮರ ಹತ್ತುವವರ ತುಳು ಮಾತುಗಳನ್ನೆಲ್ಲ ಸರಾಗ ಕನ್ನಡದಲ್ಲಿ ಬರೆದೆ, ಒಂದಕ್ಷರವೂ ತಿರುಚದೆ. ಕರಾವಳಿಯಲ್ಲಿ ಎಲ್ಲರೂ 'ಮಾಡ್ಲಿಕ್ಕೆ' ಅನ್ನುತ್ತಾರಲ್ವಾ, ಬರೆದರೆ ಎಲ್ಲರಿಗೂ ಹಾಗೇ ಬರೆಯಬೇಕು, ಕೂಲಿಯವರಿಗೆ ಮಾತ್ರ ಬರೆದರೆ ಅದು ಕೀಳು ಮಾಡಿದ ಹಾಗೆ.

ವಯಸ್ಸು ಮತ್ತು ವರ್ಗ ಒಟ್ಟಿಗೆ ಕಾಣಿಸಿದ್ದು ಒಂದು ಸರ್ವನಾಮದಲ್ಲಿ. ಅಜ್ಜ ಮರ ಹತ್ತುವವರ ಹತ್ತಿರ ತುಳುವಿನಲ್ಲಿ ಕೇಳುವುದು, "ಈ ಏಪ ಬರ್ಪ?" ಮೊಮ್ಮಗ ಅದನ್ನೇ ಕೇಳುವುದು, "ಈರ್ ಏಪ ಬರ್ಪರ್?" 'ನೀನು ಯಾವಾಗ ಬರ್ತೀಯ' ಹೋಗಿ 'ನೀವು ಯಾವಾಗ ಬರ್ತೀರಿ' ಆಯಿತು. ಅಜ್ಜ ಕೆಟ್ಟವರಲ್ಲ, ಅವರ ಕಾಲದ ರೂಢಿ ಅದು. ಮೊಮ್ಮಗನಿಗೆ ಮರ ಹತ್ತುವವರು ಸಿಗುವುದು ಎಷ್ಟು ಕಷ್ಟ ಅಂತ ಗೊತ್ತು, ತನಗಿಂತ ಹಿರಿಯರು ಅಂತಲೂ ಗೊತ್ತು. ಇದನ್ನು ನಾನು ವಿವರಿಸಲಿಲ್ಲ. ಎರಡೂ ಮಾತನ್ನು ಒಂದೇ ಪುಟದಲ್ಲಿ ಹತ್ತಿರ ಹತ್ತಿರ ಇಟ್ಟೆ, ತುಳು ಬಾರದವರಿಗೂ ವ್ಯತ್ಯಾಸ ಕಣ್ಣಿಗೆ ಬೀಳಲಿ ಅಂತ.

ಹವ್ಯಕದಲ್ಲಿ ಇನ್ನೊಂದು ತೊಡಕು ಇದೆ. ನಾವು 'ಅಕ್ಕ ಬಂತು' ಅನ್ನುತ್ತೇವೆ. ಮೈಸೂರಿನ ಓದುಗರಿಗೆ ಅದು ಅವಮಾನದ ಹಾಗೆ ಕೇಳಬಹುದು. ಅದಕ್ಕೆ ಕತೆಯ ಶುರುವಿನಲ್ಲೇ ಪ್ರೀತಿಯ ಸಂದರ್ಭದಲ್ಲಿ ಆ ರೂಪ ತಂದೆ, ಅಕ್ಕ ತವರಿಗೆ ಬಂದಾಗ ತಮ್ಮ ಖುಷಿಯಿಂದ ಕೂಗುವಾಗ.

ಬರೆದಾದ ಮೇಲೆ ಹೆಸರುಗಳನ್ನು ಮುಚ್ಚಿ ಊರಿನವರಿಗೆ ಓದಿ ಹೇಳುತ್ತೇನೆ. ಯಾರ ಮಾತು ಅಂತ ಅವರಿಗೆ ತಿಳಿಯಬೇಕು. ಎಲ್ಲಾದರೂ ನಕ್ಕರೆ ಅಲ್ಲಿ ನಿಲ್ಲಿಸಿ, ಹೇಳಿದ ವಿಷಯಕ್ಕೆ ನಕ್ಕಿರಾ ಅಥವಾ ಹೇಳಿದ ರೀತಿಗಾ ಅಂತ ಕೇಳುತ್ತೇನೆ. ರೀತಿಗೆ ಅಂದರೆ ಆ ಸಾಲನ್ನು ಮತ್ತೆ ಬರೆಯುತ್ತೇನೆ. ಹೆಚ್ಚಾಗಿ ಒಂದು 'ಮಾರಾಯ್ರೆ' ಜಾಸ್ತಿ ಆಗಿರುತ್ತದೆ.