ಲಾಳಿ ನಿಂತ ಮೇಲೆ ಕೈ ಮುಗಿಯಬೇಕು

ನಾನು ಇಳಕಲ್ಲಿನವನು. ಮನೆಯಲ್ಲಿ ಮಗ್ಗ, ಬಾಯಲ್ಲಿ ಕನ್ನಡ. ಹಿಂದಿ ಅಷ್ಟಕ್ಕಷ್ಟೇ, ಇಂಗ್ಲಿಷ್ ಅದಕ್ಕಿಂತ ಕಡಿಮೆ. ಥೈಲ್ಯಾಂಡಿಗೆ ನಾನೂ ನಮ್ಮಾಕಿನೂ ಹೋದದ್ದು ಸಮುದ್ರ ನೋಡಲಿಕ್ಕಲ್ಲ. ಅಲ್ಲಿನ ಈಶಾನ್ಯ ಭಾಗದ ಖೋನ್ ಕೇನ್ ಪ್ರಾಂತ್ಯದಲ್ಲಿ ಚೊನ್ನಬೊಟ್ ಅಂತ ರೇಷ್ಮೆ ನೇಯುವ ಊರಿದೆ, ಅಲ್ಲಿನ ಮಗ್ಗ ನೋಡಬೇಕಿತ್ತು. ಆ ಊರಿನ ಮುದುಕಿಯರಿಗೆ ಗೊತ್ತಿರುವುದು ಥಾಯ್, ಮನೆಯಲ್ಲಿ ಆಡುವುದು ಲಾವೋ ಸೊಗಡಿನ ಈಸಾನ್ ಮಾತು. ನಮ್ಮ ಅವರ ನಡುವೆ ಪೂರ್ತಿ ತಿಳಿಯುವ ಒಂದು ಭಾಷೆಯೂ ಇಲ್ಲ.

ಹೊರಡುವಾಗ ಎಲ್ಲರೂ ಹೇಳಿದ್ದು ಒಂದೇ: "ಕೈ ಮುಗದ್ರ ಆತು, ಅವರೂ ಹಂಗ ಮಾಡ್ತಾರ." ನಿಜ, ಅವರ ‘ವಾಯ್’ ನೋಡಲಿಕ್ಕೆ ನಮ್ಮ ನಮಸ್ಕಾರವೇ. ಆದರೆ ನಾವು ಕಂಡಕ್ಟರನಿಗೂ ಕೈ ಮುಗಿಯುತ್ತೇವೆ, ಬೀಗರಿಗೂ ಮುಗಿಯುತ್ತೇವೆ, ಕೈ ಮಾತ್ರ ಎದೆಯ ಹತ್ತಿರವೇ ಇರುತ್ತದೆ. ಅಲ್ಲಿ ಕೈ ಎಷ್ಟು ಮೇಲೆ ಹೋಯಿತು ಎನ್ನುವುದೇ ಅರ್ಧ ಮಾತು. ಸರೀಕರಿಗೆ ಎದೆಯ ಮಟ್ಟ. ಹಿರಿಯರಿಗೆ ಹೆಬ್ಬೆರಳು ಗದ್ದಕ್ಕೆ ತಾಗಿ, ಬೆರಳ ತುದಿ ಮೂಗಿಗೆ ಬರಬೇಕು. ಕೈ ತಲೆಯ ಕಡೆಗೆ ಏರುವಷ್ಟೇ ತಲೆಯೂ ಕೈ ಕಡೆಗೆ ಬಾಗಬೇಕು. ಬೌದ್ಧ ಭಿಕ್ಷುಗಳಿಗಾದರೆ ಹೆಬ್ಬೆರಳು ಹುಬ್ಬಿನ ನಡುವೆ. ಭಿಕ್ಷುಗಳು ತಿರುಗಿ ಕೈ ಮುಗಿಯುವುದಿಲ್ಲ, ಅದು ಸೊಕ್ಕಲ್ಲ, ಅವರ ರೀತಿ.

ಇನ್ನೊಂದು ಸಂಗತಿ, ಮೊದಲು ಕೈ ಎತ್ತುವವರು ಸಣ್ಣವರು. ಹಾಗಾಗಿ ಅಂಗಡಿಯ ಹುಡುಗಿ ನಮಗೆ ಕೈ ಮುಗಿದರೆ ನಾವು ಮುಗುಳ್ನಕ್ಕು ತಲೆ ಬಾಗಿಸಿದರೆ ಸಾಕು. ಆಕೆಗೆ ಮೂಗಿನ ಮಟ್ಟದ ನಮಸ್ಕಾರ ಹಾಕಿದರೆ ಆಕೆ ಮುಜುಗರಪಟ್ಟು ನಕ್ಕು ಇನ್ನೂ ಕೆಳಗೆ ಬಾಗುತ್ತಾಳೆ. ಹಾಗೆ ಎದುರಿನವರು ನಮಗಿಂತ ಕೆಳಗಿಳಿಯಲು ಒದ್ದಾಡುತ್ತಿದ್ದರೆ ನಮ್ಮ ಕೈ ಅತಿಯಾಯಿತು ಅಂತಲೇ ಲೆಕ್ಕ.

ಮಾತಿನ ವಿಷಯದಲ್ಲಿ ನಾವು ಉತ್ತರ ಕರ್ನಾಟಕದವರು ಅದೃಷ್ಟವಂತರು. ‘ಸವತ್‌ದೀ’ ಎಂದರೆ ನಮಸ್ಕಾರ. ಬರೀ ಅಷ್ಟೇ ಅಂದರೆ ಬೋಳು. ಹಿಂದೆ ಗಂಡಸು ‘ಖ್ರಾಪ್’ ಸೇರಿಸಬೇಕು, ಹೆಂಗಸು ‘ಖಾ’. ನಮ್ಮ ‘ರೀ’ ಇದ್ದಂತೆಯೇ ಇದು: ಬಂದೆ ಅನ್ನುವುದಕ್ಕೂ ಬಂದೆರೀ ಅನ್ನುವುದಕ್ಕೂ ಎಷ್ಟು ಅಂತರವೋ ಅಷ್ಟು. ಒಂದೇ ವ್ಯತ್ಯಾಸವೆಂದರೆ ಅದು ಆಡುವವರನ್ನು ನೋಡಿ ಬದಲಾಗುತ್ತದೆ, ಕೇಳುವವರನ್ನು ನೋಡಿ ಅಲ್ಲ. ನಾನು ಅಜ್ಜಿಗೂ ಖ್ರಾಪ್ ಅನ್ನಬೇಕು, ನಮ್ಮಾಕಿ ಅಜ್ಜನಿಗೂ ಖಾ ಅನ್ನಬೇಕು. ಅದರ ಮೇಲೆ ಸಂಬಂಧದ ಹೆಸರು. ಅಜ್ಜಿಗೆ ‘ಯಾಯ್’, ಅಕ್ಕ ಅಣ್ಣ ಇಬ್ಬರಿಗೂ ‘ಪೀ’. ಗುರುತಿಲ್ಲದವರನ್ನೂ ಅಕ್ಕಾ, ಕಾಕಾ ಅನ್ನುವ ನಮಗೆ ಇದನ್ನು ಕಲಿಸಬೇಕಾಗಿಲ್ಲ.

ದನಿಯನ್ನು ಮಾತ್ರ ಇಳಿಸಬೇಕಾಯಿತು. ನಮ್ಮ ಕಡೆ ಪ್ರೀತಿಯಿಂದ ಮಾತಾಡಿದರೂ ಪಕ್ಕದ ಓಣಿಗೆ ಕೇಳಿಸುತ್ತದೆ. ಅಲ್ಲಿ ಗುರುತಿಲ್ಲದವರ ಜೋರು ದನಿ ಸಿಟ್ಟಿನಂತೆ ಕೇಳುತ್ತದೆ. ಬಸ್‌ ಸ್ಟ್ಯಾಂಡಿನಲ್ಲಿ ನಾನು ಮೆಲ್ಲಗೆ ರೂಢಿ ಮಾಡುತ್ತಿದ್ದರೆ ನಮ್ಮಾಕಿ, "ಯಾಕ್ರೀ, ಆರಾಮ ಇಲ್ಲೇನು?" ಅಂದಳು.

ಚೊನ್ನಬೊಟ್‌ನಲ್ಲಿ ಒಂದು ಮನೆಯ ಮುಂದೆ ಮಗ್ಗದ ಸದ್ದು ಕೇಳಿ ನಿಂತೆವು. ಕಂಬಗಳ ಮೇಲೆ ಕಟ್ಟಿದ ಮನೆ, ಕೆಳಗಿನ ನೆರಳಿನಲ್ಲಿ ಮಗ್ಗ, ಅದರಲ್ಲಿ ಒಬ್ಬ ಅಜ್ಜಿ. ಪಕ್ಕದ ಚಾಪೆಯ ಮೇಲೆ ನಡುವಯಸ್ಸಿನ ಮಗಳು ನೂಲು ಕಟ್ಟುತ್ತಿದ್ದಳು, ಒಂದು ಮಗು ಆಡುತ್ತಿತ್ತು. ನಾವು ಒಳಗೆ ಕಾಲಿಡಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ಅಜ್ಜಿಯ ಕೈಯಲ್ಲಿ ಲಾಳಿ ಇತ್ತು. ನಮಸ್ಕಾರ ಮಾಡಿದರೆ ತಿರುಗಿ ಮಾಡಲು ಆಕೆ ಲಾಳಿ ಬಿಡಬೇಕು, ಕಾಲಡಿಯ ತುಳಿಹಲಗೆಯ ಲೆಕ್ಕವೂ ತಪ್ಪಬಹುದು. ಇಳಕಲ್ಲಿನಲ್ಲಿ ಕುಣಿಮಗ್ಗದಲ್ಲಿ ಕುಳಿತಾಗ ಯಾರಾದರೂ ಬಾಗಿಲಲ್ಲೇ ಕೂಗಿದರೆ ನನಗೆ ಎಂಥ ಸಿಟ್ಟು ಬರುತ್ತದೆ ಅಂತ ನನಗೇ ಗೊತ್ತು. ಮಗಳು ನಮ್ಮನ್ನು ನೋಡಿದಳು; ತಲೆ ಬಾಗಿಸಿ ನಕ್ಕೆವು, ಅಷ್ಟೇ.

ಸದ್ದು ನಿಂತಿತು. ಆಗ ಚಪ್ಪಲಿ ಬಿಟ್ಟು, ಮೊದಲು ಅಜ್ಜಿಗೆ ಮೂಗಿನ ಮಟ್ಟಕ್ಕೆ ಕೈ ಎತ್ತಿ "ಸವತ್‌ದೀ ಖ್ರಾಪ್, ಯಾಯ್" ಅಂದೆ. ನಮ್ಮಾಕಿ ‘ಖಾ’ ಅನ್ನು ಸ್ವಲ್ಪ ಎಳೆದಳು, ಅದು ನನ್ನದಕ್ಕಿಂತ ಚೆನ್ನಾಗಿ ಕೇಳಿಸಿತು. ಅಜ್ಜಿ ಎದೆಯ ಮಟ್ಟದಲ್ಲಿ ಕೈ ಮುಗಿದು ಚಾಪೆಯ ಕಡೆ ಅಂಗೈ ಕೆಳಗೆ ಮಾಡಿ ಬೆರಳಾಡಿಸಿದಳು. ಅದು ಬನ್ನಿ ಅನ್ನುವ ಸನ್ನೆ. ಅಂಗೈ ಮೇಲೆ ಮಾಡಿ ಬೆರಳಲ್ಲಿ ಕರೆಯುವುದು ಅಲ್ಲಿ ಒರಟುತನ. ಮಗಳು ಮಗುವಿನ ಕೈ ಹಿಡಿದು ನಮಗೆ ಕೈ ಮುಗಿಸಿದಳು. ನಮ್ಮಾಕಿಯ ಕೈ ತಾನಾಗಿಯೇ ಮಗುವಿನ ತಲೆಯ ಮೇಲೆ ಹೋಗುವುದರಲ್ಲಿತ್ತು, ಕಣ್ಸನ್ನೆ ಮಾಡಿದೆ. ತಲೆ ಅವರಿಗೆ ದೇಹದ ಅತಿ ಎತ್ತರದ, ಗೌರವದ ಜಾಗ. ಆಶೀರ್ವಾದದ ಕೈಯಾದರೂ ಹೊರಗಿನವರು ಮುಟ್ಟಬಾರದು. ಪಾದ ಅದರ ತದ್ವಿರುದ್ಧ, ಹಾಗಾಗಿ ಚಾಪೆಯ ಮೇಲೆ ಕಾಲು ಹಿಂದಕ್ಕೆ ಮಡಚಿ ಕುಳಿತೆವು. ಮೊಣಕಾಲು ನೋಯುತ್ತದೆ, ಬೇರೆ ದಾರಿ ಇಲ್ಲ.

ಅಜ್ಜಿ ಬಾಯಿಗೆ ಕೈ ಒಯ್ದು ಏನೋ ಕೇಳಿದಳು, ಅದರಲ್ಲಿ ‘ಕಿನ್ ಖಾವ್’ ಕೇಳಿಸಿತು. ಊಟ ಆತೇನು ಅಂತ! ಹೊಟ್ಟೆಯ ಮೇಲೆ ಕೈಯಿಟ್ಟು "ಇಮ್ ಲೇವ್", ಹೊಟ್ಟೆ ತುಂಬಿದೆ ಅಂದೆ. ಈ ಉತ್ತರವನ್ನು ಮೊದಲೇ ಕಲಿತಿಟ್ಟುಕೊಂಡಿದ್ದೆ, ಯಾಕೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಹೇಳುವಾಗ ತಲೆಯನ್ನು ಮೇಲೆ ಕೆಳಗೆ ಆಡಿಸಬೇಕು. ನಮ್ಮ ಹಾಗೆ ಅತ್ತಿತ್ತ ಓಲಾಡಿಸಿದರೆ ಹೌದೋ ಅಲ್ಲವೋ ಅವರಿಗೆ ತಿಳಿಯುವುದಿಲ್ಲ.

ಅಲ್ಲಿಂದ ಮುಂದೆ ಸೀರೆ ಮಾತಾಡಿತು. ನಮ್ಮಾಕಿ ಉಟ್ಟಿದ್ದು ಇಳಕಲ್ ಸೀರೆ. ಅಜ್ಜಿ ಸೆರಗು ಕೈಗೆ ತೆಗೆದುಕೊಂಡು, ಮೈಯ ಹಾಸು ಮತ್ತು ಸೆರಗಿನ ಹಾಸು ಕೂಡುವ ಗೆರೆಯ ಮೇಲೆ ಉಗುರಾಡಿಸಿ ನನ್ನ ಮುಖ ನೋಡಿದಳು. ನಾನು ಎರಡು ತೋರುಬೆರಳನ್ನು ಕೊಕ್ಕೆ ಮಾಡಿ ಒಂದರೊಳಗೊಂದು ಸಿಕ್ಕಿಸಿ ಎಳೆದು ತೋರಿಸಿದೆ. ಕೊಂಡಿ ಹಾಕುವುದು ಹೀಗೆ ಅಂತ. ಆಕೆ "ಓ" ಅಂತ ಉದ್ದಕ್ಕೆ ಎಳೆದು, ಮಗಳು ಕಟ್ಟುತ್ತಿದ್ದ ನೂಲಿನ ಲಡಿಯನ್ನು ನನ್ನ ಮುಂದಿಟ್ಟಳು. ಹೊಕ್ಕಿನ ನೂಲನ್ನು ನೇಯುವ ಮೊದಲೇ ಅಲ್ಲಲ್ಲಿ ದಾರದಿಂದ ಬಿಗಿದು ಬಣ್ಣಕ್ಕೆ ಅದ್ದುತ್ತಾರೆ. ಬಿಗಿದಲ್ಲಿ ಬಣ್ಣ ಹತ್ತುವುದಿಲ್ಲ, ನೇಯುತ್ತಾ ಹೋದಂತೆ ಚಿತ್ರ ಮೂಡುತ್ತದೆ. ‘ಮತ್‌ಮೀ’ ಅನ್ನುವುದು ಇದನ್ನೇ.

ಹೊಗಳಬೇಕು ಅನ್ನಿಸಿದಾಗ ‘ಸುವಾಯ್’ ಅನ್ನುವ ಮಾತು ನಾಲಿಗೆಗೆ ಬಂತು, ತಡೆದೆ. ಸ್ವರ ಕೆಳಗಿನಿಂದ ಮೇಲಕ್ಕೆ ಏರಿದರೆ ಅದು ಚಂದ. ಏರಿಸದೆ ಸಪಾಟಾಗಿ ಅಂದರೆ ಅಪಶಕುನ, ಕೆಟ್ಟ ಅದೃಷ್ಟ. ಬೇರೆಯವರ ಮಗ್ಗದ ಮುಂದೆ ಕುಳಿತು ಆ ಜೂಜು ಬೇಡ. ಅದರ ಬದಲು ‘ಙಾಮ್’ ಅಂದೆ. ಇದಕ್ಕೂ ಚಂದ ಅಂತಲೇ ಅರ್ಥ, ದನಿ ಏರಿಸುವ ಗೋಜಿಲ್ಲ. ಶಾಲೆಯಲ್ಲಿ ಕಲಿತು ಮತ್ತೆಂದೂ ಬಳಸದ ಆ ಙ ಅಲ್ಲಿ ಕೆಲಸಕ್ಕೆ ಬಂತು.

ಬಣ್ಣ ಯಾವ ಗಿಡದ್ದು, ಒಂದು ತುಂಡು ಮುಗಿಯಲು ಎಷ್ಟು ದಿನ ಅನ್ನುವುದನ್ನು ಸನ್ನೆಯಿಂದ ಕೇಳಲಾಗಲಿಲ್ಲ. ಬೆಲೆಗೆ ಮಗಳು ಕ್ಯಾಲ್ಕುಲೇಟರ್ ತಂದಳು. ಸಂಖ್ಯೆ ಒತ್ತಿ ತೋರಿಸಿದಳು, ನಾನು ಇನ್ನೊಂದು ಒತ್ತಿದೆ, ಅಜ್ಜಿ ನಕ್ಕು ನಡುವಿನದೊಂದನ್ನು ಒತ್ತಿದಳು. ಹೊರಡುವಾಗಲೂ ಅದೇ ಸವತ್‌ದೀ, ಅದೇ ಕ್ರಮ: ಮೊದಲು ಅಜ್ಜಿಗೆ, ಆಮೇಲೆ ಮಗಳಿಗೆ. ಅಷ್ಟರಲ್ಲಿ ಅಜ್ಜಿ ಮತ್ತೆ ಲಾಳಿ ಕೈಗೆ ತೆಗೆದುಕೊಂಡಿದ್ದಳು, ಹಾಗಾಗಿ ಆಕೆ ಗೋಣು ಹಾಕಿದ್ದಷ್ಟೇ ನಮಗೆ ಸಿಕ್ಕ ಉತ್ತರ.