ಹಾಲು ಅಲ್ಲ, ಹಾಲ್

ಮೈಸೂರಿನಲ್ಲಿ ಹದಿನಾಲ್ಕು ವರ್ಷ ಕರ್ನಾಟಕ ಸಂಗೀತ ಕಲಿತವನು ನಾನು. ಸಿ ಶ್ರುತಿ. ತಾರಸ್ಥಾಯಿ ಅಂತರ ಗಾಂಧಾರದಲ್ಲಿ ನಿಲ್ಲೋದು ನನಗೆ ಯಾವತ್ತೂ ಕಷ್ಟ ಅನಿಸಿರಲಿಲ್ಲ. ಕೆಲಸಕ್ಕೆಂದು ಜರ್ಮನಿಗೆ ಬಂದು ಸ್ಟುಟ್‌ಗಾರ್ಟ್ ಹತ್ತಿರ ನೆಲೆಸಿದ ಮೇಲೆ, ಹವ್ಯಾಸಕ್ಕೆ ಅಂತ ಪಾಶ್ಚಾತ್ಯ ಶಾಸ್ತ್ರೀಯ ಗಾಯನ ಕಲಿಯೋಕೆ ಹೋದೆ. ನಿನ್ನದು ಬ್ಯಾರಿಟೋನ್, ಅಂದರೆ ಮಧ್ಯಮ ಎತ್ತರದ ಗಂಡು ದನಿ ಅಂದರು. ಎರಡು ವರ್ಷ ಆಗಿತ್ತು, ಹವ್ಯಾಸಿಗಳ ಒಂದು ಆರ್ಕೆಸ್ಟ್ರಾ ಜೊತೆ ಮೊಜಾರ್ಟ್‌ನ ಏರಿಯಾ, ಅಂದರೆ ಒಬ್ಬರೇ ಹಾಡುವ ಅಪೆರಾ ಹಾಡು, ಹಾಡುವ ಅವಕಾಶ ಬಂತು. ಅದರ ಅತಿ ಎತ್ತರದ ಸ್ವರ ಪಾಶ್ಚಾತ್ಯ ಹೆಸರಿನಲ್ಲಿ ಇ, ಅಂದರೆ 330 ಹರ್ಟ್ಜ್. ಲೆಕ್ಕ ಹಾಕಿದರೆ ನನ್ನ ಅದೇ ಗಾಂಧಾರ. ಇಷ್ಟೇನಾ ಅಂದುಕೊಂಡೆ.

ಮೊದಲ ರಿಹರ್ಸಲ್. ಎದುರಿಗೆ ಸುಮಾರು 40 ವಾದ್ಯ, ಮೈಕ್ ಇಲ್ಲ. ಗೆಳತಿಯೊಬ್ಬಳನ್ನು ಕೊನೆಯ ಸಾಲಿನಲ್ಲಿ ಕೂರಿಸಿದ್ದೆ. ಕೆಳಗಿನ ಸ್ವರಗಳು ಹೇಗೋ ಕೇಳಿಸಿದವಂತೆ. ಮೇಲೆ ಹೋದ ಹಾಗೆ ನನ್ನ ಬಾಯಿ ಮಾತ್ರ ಆಡುತ್ತಿತ್ತು, ದನಿ ಇರಲಿಲ್ಲ ಅಂದಳು. ಎರಡನೇ ಸಲ ಇನ್ನಷ್ಟು ಜೋರಾಗಿ ಹಾಡಿದೆ. ಅದು ಕೇಳಿಸಿತು, ಆದರೆ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನೋ ಕೂಗಿ ಕರೆದ ಹಾಗಿತ್ತು. ಇಪ್ಪತ್ತು ನಿಮಿಷಕ್ಕೆ ಗಂಟಲು ಕಟ್ಟಿಕೊಂಡಿತು.

ನನ್ನ ಟೀಚರ್ ಮರುವಾರ ಹೇಳಿದ್ದು ಒಂದೇ ಮಾತು. ನೀನು ಆರ್ಕೆಸ್ಟ್ರಾ ಬಲವಾಗಿರುವ ಜಾಗದಲ್ಲೇ ಅದರ ಜೊತೆ ಜಗಳ ಆಡುತ್ತಿದ್ದೀಯ.

ತಂಬೂರಿ ಮೀಟಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಂದ್ರ ಷಡ್ಜದ ತಂತಿ ಒಂದನ್ನೇ ಮೀಟಿದರೂ ಅದರೊಳಗಿಂದ ಗಾಂಧಾರ ಕೇಳಿಸುತ್ತದೆ, ಅಲ್ವಾ? ಅದು ಆ ತಂತಿಯ ಐದನೇ ಹಾರ್ಮೋನಿಕ್. ನಮ್ಮ ದನಿಯೂ ಹಾಗೇ. 330 ಹರ್ಟ್ಜ್‌ನ ಸ್ವರ ಹಾಡಿದರೆ 660, 990, 1320 ಹೀಗೆ ಸಾಲುಸಾಲಾಗಿ ಮೇಲಿನ ಸ್ವರಗಳೂ ಜೊತೆಗೆ ಹುಟ್ಟುತ್ತವೆ. ಗಂಟಲು, ಬಾಯಿ ಸೇರಿದ ಪೊಳ್ಳು ಅದರಲ್ಲಿ ಕೆಲವನ್ನು ಎತ್ತಿ ಹಿಡಿಯುತ್ತದೆ, ಕೆಲವನ್ನು ಬಿಟ್ಟುಬಿಡುತ್ತದೆ. ಎತ್ತಿ ಹಿಡಿಯುವ ಆ ಜಾಗಗಳಿಗೇ ಫಾರ್ಮೆಂಟ್ ಅನ್ನೋದು. ಕೆಳಗಿನ ಎರಡು ಫಾರ್ಮೆಂಟ್‌ಗಳು ಎಲ್ಲಿವೆ ಅನ್ನೋದರ ಮೇಲೆ ಅದು ಆ-ಯೋ ಈ-ಯೋ ಊ-ವೋ ಅಂತ ಕಿವಿ ಗುರುತಿಸುತ್ತದೆ.

ಆರ್ಕೆಸ್ಟ್ರಾದ ಶಕ್ತಿ ಜಾಸ್ತಿ ಇರುವುದು 500 ಹರ್ಟ್ಜ್ ಆಸುಪಾಸು. ಅಲ್ಲಿಂದ ಮೇಲೆ ಪ್ರತಿ ಸ್ಥಾಯಿಗೆ ಸುಮಾರು 9 ಡೆಸಿಬೆಲ್‌ನಂತೆ ಇಳಿಯುತ್ತದೆ. 3000 ಹರ್ಟ್ಜ್ ಅಂದರೆ ಎರಡೂವರೆ ಸ್ಥಾಯಿ ಮೇಲೆ, ಅಷ್ಟು ಹೊತ್ತಿಗೆ 20 ಡೆಸಿಬೆಲ್‌ಗಿಂತ ಹೆಚ್ಚು ಕುಸಿದಿರುತ್ತದೆ. ಮಾಮೂಲಿ ಮಾತಿನ ದನಿಯೂ ಹೆಚ್ಚುಕಡಿಮೆ ಹೀಗೇ ಕುಸಿಯುತ್ತದೆ. ಹಾಗಾಗಿ ಆರ್ಕೆಸ್ಟ್ರಾ ಅದನ್ನು ಪೂರ್ತಿ ಮುಚ್ಚಿಬಿಡುತ್ತದೆ. ಆದರೆ ಪಳಗಿದ ಗಂಡಸು ಗಾಯಕರ ದನಿಯಲ್ಲಿ 2400ರಿಂದ 3000 ಹರ್ಟ್ಜ್ ನಡುವೆ ಒಂದು ಗುಡ್ಡ ಎದ್ದಿರುತ್ತದೆ. ಸ್ಟಾಕ್‌ಹೋಮ್‌ನ ಧ್ವನಿವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಸ್ವೀಡನ್ನಿನ ಟೆನರ್, ಅಂದರೆ ಎತ್ತರದ ಗಂಡು ದನಿಯ ಗಾಯಕ, ಯುಸ್ಸಿ ಬ್ಯೋರ್ಲಿಂಗ್ ಆರ್ಕೆಸ್ಟ್ರಾ ಜೊತೆ ಹಾಡಿದ ರೆಕಾರ್ಡಿಂಗ್‌ಗಳಲ್ಲೂ ಆ ಗುಡ್ಡ ಎದ್ದು ಕಾಣುತ್ತದೆ. ಮೂರನೇ, ನಾಲ್ಕನೇ, ಐದನೇ ಫಾರ್ಮೆಂಟ್‌ಗಳು ಒಂದರ ಪಕ್ಕ ಒಂದು ಒತ್ತಿ ನಿಂತಾಗ ಅದು ಏಳುತ್ತದೆ. ಇದನ್ನೇ ಗಾಯಕರ ಫಾರ್ಮೆಂಟ್ ಅನ್ನುತ್ತಾರೆ. ಮನುಷ್ಯರ ಕಿವಿ ಬಹಳ ಚುರುಕಾಗಿರುವುದೂ 3000 ಹರ್ಟ್ಜ್ ಹತ್ತಿರವೇ.

ಗಂಟಲಿನಲ್ಲಿ ಆಗಬೇಕಾದ್ದು ಇಷ್ಟು. ಧ್ವನಿಪೆಟ್ಟಿಗೆಯ ಮೇಲೆ ಎರಡು ಮೂರು ಸೆಂಟಿಮೀಟರ್ ಉದ್ದದ ಸಣ್ಣ ಕೊಳವೆ ಇದೆ. ಅದರ ಮೇಲೆ ಗಂಟಲಿನ ದೊಡ್ಡ ಪೊಳ್ಳು. ಆ ಪೊಳ್ಳಿನ ಅಡ್ಡಕೊಯ್ತದ ವಿಸ್ತೀರ್ಣ ಕೊಳವೆಯ ಬಾಯಿಯದಕ್ಕಿಂತ ಆರು ಪಟ್ಟಾದರೂ ಜಾಸ್ತಿ ಇದ್ದರೆ, ಕೊಳವೆ ತನ್ನ ಪಾಡಿಗೆ ತಾನು ಪ್ರತ್ಯೇಕವಾಗಿ ಅನುರಣಿಸುತ್ತದೆ. ಹಾಗಾಗಿ ಕೆಳಗೆ ಕಿರಿದು, ಮೇಲೆ ಅಗಲ. ಧ್ವನಿಪೆಟ್ಟಿಗೆ ಸ್ವಲ್ಪ ಕೆಳಗಿಳಿದು ಅಲ್ಲೇ ಇರಬೇಕು. ಇದು ಜೋರಾಗಿ ಉಸಿರು ತಳ್ಳಿದರೆ ಬರುವಂಥದ್ದಲ್ಲ.

ನಾನು ಮಾಡಿದ್ದು ಹೀಗೆ. ಆಕಳಿಕೆ ಬರುವುದಕ್ಕೆ ಮುಂಚಿನ ಆ ಕ್ಷಣ ಇದೆಯಲ್ಲ, ಗಂಟಲು ತಣ್ಣಗೆ ತೆರೆದುಕೊಳ್ಳುತ್ತದೆ. ಅಷ್ಟಕ್ಕೇ ನಿಲ್ಲಿಸಬೇಕು, ಪೂರ್ತಿ ಆಕಳಿಸಬಾರದು. ಗಂಟಲ ಮುಂದಿನ ಉಬ್ಬಿನ ಮೇಲೆ ಬೆರಳಿಟ್ಟರೆ ಅದು ಕೆಳಗೆ ಜಾರಿದ್ದು ಗೊತ್ತಾಗುತ್ತದೆ. ಹಾಗೇ ಇಟ್ಟುಕೊಂಡು, ರಚ್ಚೆ ಹಿಡಿದ ಮಗು ಕುಂಯ್ ಅನ್ನುವಂಥ ಚೂಪು ದನಿಯನ್ನು ಸಣ್ಣದಾಗಿ ತೆಗೆಯಬೇಕು. ಆ ಚೂಪು ಕೊಳವೆಯ ಬಾಯಿ ಕಿರಿದಾಯಿತು ಅನ್ನೋದರ ಗುರುತು. ಎರಡನ್ನೂ ಒಟ್ಟಿಗೆ ಹಿಡಿಯೋದಕ್ಕೆ ನನಗೆ ಮೂರು ತಿಂಗಳು ಬೇಕಾಯಿತು. ಒಂದು ಬಂದರೆ ಇನ್ನೊಂದು ಓಡಿಹೋಗುತ್ತಿತ್ತು.

ಮೊದಲ ತಿಂಗಳು ನಾಲಿಗೆಯ ಬುಡದಿಂದ ಧ್ವನಿಪೆಟ್ಟಿಗೆಯನ್ನು ಕೆಳಗೆ ಅದುಮುತ್ತಿದ್ದೆ. ಒಳಗಿಂದ ನನಗೆ ಅದು ಭಾರೀ ಗಂಭೀರವಾಗಿ ಕೇಳಿಸುತ್ತಿತ್ತು. ಜರ್ಮನ್ನರು ಇದಕ್ಕೆ ಕ್ನೋಡೆಲ್ನ್ ಅನ್ನುತ್ತಾರೆ. ಕ್ನೋಡೆಲ್ ಅಂದರೆ ಆಲೂಗಡ್ಡೆಯದೋ ಬ್ರೆಡ್ಡಿನದೋ ಉಂಡೆ. ನಮ್ಮ ಲೆಕ್ಕದಲ್ಲಿ ಗಂಟಲಲ್ಲಿ ರಾಗಿಮುದ್ದೆ ಇಟ್ಟುಕೊಂಡು ಹಾಡೋದು. ಹಾಡುವಾಗ ಗದ್ದದ ಕೆಳಗಿನ ಮೆತ್ತನೆ ಜಾಗಕ್ಕೆ ಹೆಬ್ಬೆರಳು ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿಯಾಗಿದ್ದರೆ ಮುದ್ದೆ ಇದೆ ಅಂತ ಅರ್ಥ. ಆಮೇಲೆ ಎದುರು ತಪ್ಪು ಮಾಡಿದೆ, ದನಿಯನ್ನು ಮೂಗಿಗೆ ಕಳಿಸಿದೆ. ಮುಖವೆಲ್ಲ ಜುಮ್ ಅನ್ನುತ್ತಿತ್ತು, ಸರಿಯಾಗಿದೆ ಅಂದುಕೊಂಡೆ. ಆ ಅಂತ ಹಾಡುತ್ತಾ ಮೂಗು ಹಿಡಿದುಕೊಂಡರೆ ದನಿ ಬದಲಾಯಿತು. ಬದಲಾಗಬಾರದು.

ಇಷ್ಟಾದರೂ ಡಿ ಸ್ವರದಿಂದ ಮೇಲೆ, ಆ ಅನ್ನುವ ಕಡೆಗಳಲ್ಲೆಲ್ಲ ಕಟ್ಟಿದ್ದು ಕುಸಿಯುತ್ತಿತ್ತು. ಧ್ವನಿಪೆಟ್ಟಿಗೆ ಲಿಫ್ಟ್ ಹತ್ತಿದ ಹಾಗೆ ಮೇಲೆ ಹೋಗಿ ಮತ್ತೆ ಅದೇ ಬಸ್ ಸ್ಟ್ಯಾಂಡ್ ಕೂಗು. ಸ್ವರಾಕ್ಷರ ಬದಲಿಸುವ ವಿಷಯ ಬಂದದ್ದು ಇಲ್ಲಿ.

ನನ್ನ ಆ-ದ ಮೊದಲ ಫಾರ್ಮೆಂಟ್ 700 ಹರ್ಟ್ಜ್ ಹತ್ತಿರ ಇದೆ. ಸಿ ಸ್ವರದಲ್ಲಿ, ಅಂದರೆ 262ರಲ್ಲಿ, ಎರಡನೇ ಹಾರ್ಮೋನಿಕ್ 524. ಅದು ಫಾರ್ಮೆಂಟಿನ ಕೆಳಗೆ ಆರಾಮಾಗಿರುತ್ತದೆ. ಇ-ಗೆ ಬಂದಾಗ ಅದು 660 ಆಗಿ ಫಾರ್ಮೆಂಟಿಗೆ ತಾಗುವಷ್ಟು ಹತ್ತಿರ ಬರುತ್ತದೆ. ಅಲ್ಲಿ ದನಿಗೆ ಸುಲಭವಾಗಿ ಒಂದು ಜೋರು ಸಿಗುತ್ತದೆ. ದೇಹಕ್ಕೆ ಅದು ರುಚಿಸುತ್ತದೆ, ಬಿಡೋದಿಲ್ಲ. ಸ್ವರ ಏರಿದ ಹಾಗೆ ಬಾಯಿ ಇನ್ನಷ್ಟು ತೆರೆದು, ಧ್ವನಿಪೆಟ್ಟಿಗೆ ಎತ್ತಿ, ಫಾರ್ಮೆಂಟನ್ನೂ ಜೊತೆಗೆ ಏರಿಸುತ್ತದೆ. ಕೂಗು ಅಂದರೆ ಇದೇ. ಧ್ವನಿಪೆಟ್ಟಿಗೆ ಎದ್ದಿತೋ, ಮೇಲಿನ ಗುಡ್ಡವೂ ಹೋಯಿತು.

ಉಪಾಯ ಏನೆಂದರೆ ಫಾರ್ಮೆಂಟನ್ನು ಏರಿಸದೆ ಸ್ವಲ್ಪ ಇಳಿಸೋದು. ಎರಡನೇ ಹಾರ್ಮೋನಿಕ್ ಅದನ್ನು ದಾಟಿ ಮೇಲೆ ಹೋಗಲಿ ಅಂತ ಬಿಟ್ಟುಬಿಡೋದು. ಟೀಚರ್ ಇದಕ್ಕೆ ಆ-ವನ್ನು ಓ ಕಡೆ ವಾಲಿಸು ಅಂದರು. ನಾನು ಪೂರ್ತಿ ಓ ಹಾಡಿದೆ. ಅಲ್ಲ ಅಂದರು. ಮಧ್ಯದ್ದು ಅಂದರು. ನಮಗೆ ಮಧ್ಯದ ಅಕ್ಷರ ಎಲ್ಲಿದೆ?

ಇದೆ, ಆದರೆ ಬರೆಯೋದಿಲ್ಲ. ಹಾಲು ಕಾಯಿಸು ಅನ್ನುವಾಗ ನಾವು ಹೇಳುವ ಆ ಬೇರೆ. ಮದುವೆ ಹಾಲ್ ಅನ್ನುವಾಗ ಹೇಳುವ ಆ ಬೇರೆ. ಎರಡನೆಯದರಲ್ಲಿ ತುಟಿ ಕೊಂಚ ದುಂಡಗಾಗುತ್ತದೆ, ಬಾಯೊಳಗೆ ಜಾಗ ಜಾಸ್ತಿಯಾಗುತ್ತದೆ. ಲಿಪಿಯಲ್ಲಿ ಎರಡೂ ಒಂದೇ. ನನ್ನ ಹಾಲ್ ಅಳೆದರೆ ಮೊದಲ ಫಾರ್ಮೆಂಟ್ 570ರ ಹತ್ತಿರ ಬಂತು. ಆಗ ಎರಡನೇ ಹಾರ್ಮೋನಿಕ್ ಡಿ ಸ್ವರದಲ್ಲೇ, 588ರಲ್ಲೇ, ದಾಟಿಬಿಡುತ್ತದೆ. ಇ ಬರುವಷ್ಟರಲ್ಲಿ ಗಡಿ ಹಿಂದೆ ಬಿದ್ದಿರುತ್ತದೆ. ಸಿ-ವರೆಗೆ ಹಾಲು, ಡಿ-ಯಲ್ಲಿ ಹಾಲ್ ಕಡೆ ಹೊರಳು, ಇ-ಯಲ್ಲಿ ಪೂರ್ತಿ ಹಾಲ್. ಹೆಂಡತಿಗೆ ಈ ಅಭ್ಯಾಸ ಕೇಳಿ ಕೇಳಿ ಸಾಕಾಗಿ, ಫ್ರಿಜ್‌ನಲ್ಲಿದೆ ತಗೋಳಿ ಅಂದಳು.

ಮೊದಲ ಸಲ ಸರಿಯಾಗಿ ಹೊರಳಿದಾಗ ದನಿ ನನಗೇ ಸಣ್ಣದಾದಂತೆ ಕೇಳಿಸಿತು. ಏನೋ ಕಳೆದುಕೊಂಡೆ ಅನ್ನಿಸಿತು. ಕೆಳಗಿನ ಕಂಪನಗಳು ಎಲ್ಲ ದಿಕ್ಕಿಗೂ ಹರಡಿ ಹಾಡುವವನ ಕಿವಿಗೂ ಬರುತ್ತವೆ. ಮೇಲಿನವು ಮುಂದಕ್ಕೆ ಹೋಗುತ್ತವೆ, ಸಭೆಯ ಕಡೆಗೆ. ಹಾಗಾಗಿ ನಮ್ಮ ಕಿವಿಯನ್ನು ನಂಬುವ ಹಾಗಿಲ್ಲ. ನಾನು ಕಂಪ್ಯೂಟರಿನಲ್ಲಿ Praat ಅನ್ನುವ ದನಿ ಅಳೆಯುವ ತಂತ್ರಾಂಶ ಹಾಕಿಕೊಂಡೆ. ಪುಕ್ಕಟೆ ಸಿಗುತ್ತದೆ. ಪ್ರತಿ ವಾರ ಅದೇ ಜಾಗ, ಅದೇ ಮೈಕ್, ಅದೇ ದೂರ. ಫೋನಿನ ರೆಕಾರ್ಡಿಂಗ್ ಬೇಡ, ಸದ್ದನ್ನು ತಾನೇ ಏರಿಸಿ ಇಳಿಸಿ ಕೆಡಿಸುತ್ತದೆ. ಹಾಡಿದ್ದನ್ನು ಆಯ್ದುಕೊಂಡು To Ltas... ಕೊಟ್ಟರೆ ಯಾವ ಕಂಪನದಲ್ಲಿ ಎಷ್ಟು ಶಕ್ತಿ ಅನ್ನೋದರ ಸರಾಸರಿ ಚಿತ್ರ ಬರುತ್ತದೆ. ಅದರಲ್ಲಿ 2000 ಹರ್ಟ್ಜ್ ಕೆಳಗಿನ ಅತಿ ಎತ್ತರದ ತುದಿಯನ್ನೂ, 2000ದಿಂದ 4000ದ ನಡುವಿನ ತುದಿಯನ್ನೂ ಹೋಲಿಸುತ್ತಿದ್ದೆ. ಶುರುವಿನಲ್ಲಿ ಮೇಲಿನದು 29 ಡೆಸಿಬೆಲ್ ಕೆಳಗಿತ್ತು. ಎಂಟು ತಿಂಗಳಿಗೆ 15ಕ್ಕೆ ಬಂತು. ಗುಡ್ಡ ನಿಂತದ್ದು 2600ರ ಹತ್ತಿರ. ಇ ಸ್ವರದ ಎಂಟನೇ ಹಾರ್ಮೋನಿಕ್ 2640, ಸರಿಯಾಗಿ ಅಲ್ಲೇ ಬೀಳುತ್ತದೆ.

ಇದು ಎಲ್ಲರಿಗೂ ಹೊಂದುವ ಲೆಕ್ಕ ಅಲ್ಲ. ನಮ್ಮ ಗುಂಪಿನ ಸೊಪ್ರಾನೊ, ಅಂದರೆ ಎತ್ತರದ ಹೆಣ್ಣು ದನಿಯ ಗಾಯಕಿ, ಒಬ್ಬರಿಗೆ ಹುಮ್ಮಸ್ಸಿನಿಂದ ಇದನ್ನೆಲ್ಲ ವಿವರಿಸಿದೆ, ಅವರು ನಕ್ಕರು. ಅವರ ಎತ್ತರದ ಸ್ವರದಲ್ಲಿ ಮೂಲ ಕಂಪನವೇ 900 ದಾಟುತ್ತದೆ. ಹಾರ್ಮೋನಿಕ್‌ಗಳು ಅಷ್ಟು ದೂರದೂರ ಇದ್ದರೆ ಗುಡ್ಡ ಇದ್ದೂ ಪ್ರಯೋಜನವಿಲ್ಲ, ಅದರ ಮೇಲೆ ಯಾವುದೂ ಬೀಳದೇ ಹೋಗಬಹುದು. ಅವರು ದವಡೆ ಇಳಿಸಿ ಮೊದಲ ಫಾರ್ಮೆಂಟನ್ನೇ ಹಾಡುವ ಸ್ವರದ ತನಕ ಏರಿಸುತ್ತಾರೆ. ಅಲ್ಲಿ ಈ-ಯೂ ಆ-ಯೂ ಒಂದೇ ಥರ ಕೇಳಿಸುತ್ತವೆ. ಹಿತ್ತಾಳೆ ವಾದ್ಯಗಳು ಪೂರ್ತಿ ಜೋರಲ್ಲಿ ಊದಿದರೆ ನನ್ನ ಗುಡ್ಡವೂ ಮುಳುಗುತ್ತದೆ. ಅವುಗಳಿಗೂ 3000ದ ಹತ್ತಿರ ಸಾಕಷ್ಟು ದನಿ ಇದೆ.

ಕಛೇರಿಯ ದಿನ ಅದೇ ಗೆಳತಿ ಅದೇ ಕೊನೆಯ ಸಾಲಿನಲ್ಲಿ ಕೂತಿದ್ದಳು. ಎಲ್ಲ ಕೇಳಿಸಿತು, ಆದರೆ ನೀನು ಮೊದಲಿನಷ್ಟು ಜೋರಾಗಿ ಹಾಡಲಿಲ್ಲ ಯಾಕೆ ಅಂತ ಕೇಳಿದಳು.

ಮುಂದಿನ ಡಿಸೆಂಬರಿನಲ್ಲಿ ಮೈಸೂರಿಗೆ ಹೋದಾಗ ಗುರುಗಳ ಮನೆಯಲ್ಲಿ ಹಾಡಿದೆ. ತಾರಸ್ಥಾಯಿಗೆ ಹೋದದ್ದೇ ತಡ, ಕೈ ತೋರಿಸಿ ನಿಲ್ಲಿಸಿದರು. "ಏನೋ ಇದು, ರಾಮ ಅನ್ನೋ ಕಡೆ ರೋಮ ಅಂತ ಕೇಳಿಸ್ತಿದೆ? ಬಾಯಿ ಬಿಟ್ಟು ಹಾಡು." ಮುಂದೆ ಮೈಕ್ ಇರುವ ಕಡೆ ಹಾಲು ಸಾಕು ಅಂತ ನನಗೂ ಗೊತ್ತು. ಆದರೆ ಗಂಟಲು ವಾಪಸ್ ಬರೋಕೆ ನಾಲ್ಕು ದಿನ ತೆಗೆದುಕೊಂಡಿತು.